ಊರಿನ ಖಾತೆ, ಇಲ್ಲಿನ ತೆರಿಗೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಎನ್‌ಆರ್‌ಇ, ಎನ್‌ಆರ್‌ಒ ಲೆಕ್ಕ

ನಾನು ನ್ಯೂಜೆರ್ಸಿಗೆ ಬಂದು ಹದಿನಾರು ವರ್ಷವಾಯಿತು. ಪ್ರತಿ ವರ್ಷ ಯುಗಾದಿ ಊಟದ ಹೊತ್ತಿಗೆ ಹೊಸಬರು ಯಾರಾದರೂ ಎಲೆಯ ಮುಂದೆ ಕೂತೇ ಕೇಳುತ್ತಾರೆ: "ಸರ್, ಊರಿನ ಬ್ಯಾಂಕಿನಲ್ಲಿರುವ ದುಡ್ಡು ಏನು ಮಾಡಲಿ?" ನಾನು ಮೊದಲು ತಿರುಗಿ ಕೇಳುವುದು ಒಂದೇ. ಆ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಊರಿನ ಹಣ ಇಟ್ಟುಕೊಳ್ಳುವ ಖಾತೆ, ಮಾಡಿಸಿದ್ದೀರಾ? ಹತ್ತರಲ್ಲಿ ಏಳು ಜನ ಮಾಡಿಸಿರುವುದಿಲ್ಲ.

ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದಲೇ ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾ ಪ್ರಕಾರ ನೀವು ಅನಿವಾಸಿ. ಓದುವಾಗ ತೆರೆದ ಉಳಿತಾಯ ಖಾತೆ, ಅದರ ಜೊತೆಗಿನ ಎಫ್‌ಡಿ ಎಲ್ಲವೂ ಎನ್‌ಆರ್‌ಒ ಆಗಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಬ್ಯಾಂಕಿಗೆ ಫೋನು ಮಾಡಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಕಡಿತವಾದ ತೆರಿಗೆಯ ಪಟ್ಟಿ, ಫಾರಂ 26ಎಎಸ್ ತೆರೆಯಿರಿ. 2026ರ ಮಾರ್ಚ್‌ವರೆಗಿನ ವರ್ಷಗಳಲ್ಲಿ ಬಡ್ಡಿಯ ಟಿಡಿಎಸ್ ಎದುರು ಸೆಕ್ಷನ್ 195 ಎಂದಿದ್ದರೆ ಬ್ಯಾಂಕು ನಿಮ್ಮನ್ನು ಅನಿವಾಸಿ ಎಂದು ನಮೂದಿಸಿದೆ. 194ಎ ಎಂದು ಹತ್ತು ಪರ್ಸೆಂಟ್ ಕಡಿತ ಕಂಡರೆ ಅವರ ಪುಸ್ತಕದಲ್ಲಿ ನೀವಿನ್ನೂ ಊರಲ್ಲೇ ಇದ್ದೀರಿ. ನನ್ನ ಖಾತೆಯಲ್ಲಿ ಮೂರು ವರ್ಷ ಹೀಗೇ 194ಎ ಕೂತಿತ್ತು. ವಿಳಾಸ ಬದಲಾವಣೆಯ ಅರ್ಜಿ ಕೊಟ್ಟಿದ್ದರಿಂದ ಉಳಿದದ್ದೂ ಆಗಿರುತ್ತದೆ ಎಂದುಕೊಂಡಿದ್ದೆ; ಬ್ಯಾಂಕು ವಿಳಾಸವನ್ನಷ್ಟೇ ಬದಲಿಸಿತ್ತು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್, ಫಾರಂ ಸಂಖ್ಯೆಗಳು ಬದಲಾಗಿವೆ. ಜನರ ಬಾಯಲ್ಲಿರುವ ಹಳೆಯ ಹೆಸರುಗಳನ್ನೇ ಇಲ್ಲಿ ಬಳಸಿದ್ದೇನೆ.)

ಎನ್‌ಆರ್‌ಇ ಸುಲಭ. ಇಲ್ಲಿ ದುಡಿದು ಡಾಲರ್‌ನಲ್ಲಿ ಕಳಿಸಿದ ಹಣ ಅಲ್ಲಿ ರೂಪಾಯಿಯಾಗಿ ಕೂರುತ್ತದೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಅಸಲು, ಬಡ್ಡಿ ಎರಡನ್ನೂ ಯಾವ ಮಿತಿಯೂ ಇಲ್ಲದೆ ವಾಪಸ್ ತರಿಸಿಕೊಳ್ಳಬಹುದು. ಎಫ್‌ಡಿ ಮಾತ್ರ ಕನಿಷ್ಠ ಒಂದು ವರ್ಷ ಇರಬೇಕು, ಅದಕ್ಕೆ ಮೊದಲು ಮುರಿದರೆ ಬಡ್ಡಿಯೇ ಸಿಗುವುದಿಲ್ಲ. ಊರಲ್ಲಿ ಅಣ್ಣ ಕೊಡುವ ನಗದನ್ನು ಇದಕ್ಕೆ ಹಾಕುವಂತಿಲ್ಲ. ಅಂಥದ್ದೆಲ್ಲ ಎನ್‌ಆರ್‌ಒಗೆ.

ಹೊಸಬರು ಎಡವುವುದು "ತೆರಿಗೆಯಿಲ್ಲ" ಎಂಬ ಮಾತಿನಲ್ಲಿ. ಆ ವಿನಾಯಿತಿ ಕೊಟ್ಟದ್ದು ಭಾರತ, ಅಮೆರಿಕವಲ್ಲ. ತೆರಿಗೆಯ ಲೆಕ್ಕದಲ್ಲಿ ನೀವು ಇಲ್ಲಿನ ರೆಸಿಡೆಂಟ್ ಆದ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಬಂದ ಬಡ್ಡಿಯನ್ನಾದರೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಎನ್‌ಆರ್‌ಇ ಬಡ್ಡಿಯನ್ನೂ ಸೇರಿಸಿ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಹೊರದೇಶದ ಖಾತೆಗಳ ವರದಿಯನ್ನೂ ಸಲ್ಲಿಸಬೇಕು. ಅದು ಮಾಹಿತಿಯಷ್ಟೇ, ತೆರಿಗೆಯಲ್ಲ. ಆದರೆ ಬಿಟ್ಟರೆ ದಂಡ ದೊಡ್ಡದು.

ಎನ್‌ಆರ್‌ಒ ಬಡ್ಡಿಯ ಕಥೆ ಬೇರೆ. ಒಂದು ರೂಪಾಯಿ ಬಡ್ಡಿ ಬಂದರೂ ಬ್ಯಾಂಕು 30 ಪರ್ಸೆಂಟ್ ಮತ್ತು ಸೆಸ್ ಸೇರಿಸಿ 31.2 ಪರ್ಸೆಂಟ್ ಹಿಡಿದುಕೊಳ್ಳುತ್ತದೆ. ಟಿಡಿಎಸ್ ಹಿಡಿಯಬೇಡಿ ಎಂದು ಊರಲ್ಲಿ ಅಪ್ಪ ಅಮ್ಮ ತುಂಬಿ ಕೊಡುವ 15ಜಿ, 15ಎಚ್ ಫಾರಂಗಳು ನಮಗೆ ನಡೆಯುವುದಿಲ್ಲ.

ದಾವಣಗೆರೆಯ ಹುಡುಗನೊಬ್ಬನ ಲೆಕ್ಕವನ್ನು ಹೋದ ವರ್ಷ ಕೂತು ಮಾಡಿದೆವು. ಎನ್‌ಆರ್‌ಒದಲ್ಲಿ ಹತ್ತು ಲಕ್ಷದ ಎಫ್‌ಡಿ, ಶೇಕಡಾ 7 ಬಡ್ಡಿ. ವರ್ಷಕ್ಕೆ ಬಂದದ್ದು 70,000 ರೂಪಾಯಿ, ಬ್ಯಾಂಕು ಹಿಡಿದದ್ದು 21,840. ಭಾರತ–ಅಮೆರಿಕ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ ಭಾರತ ಹಾಕಬಹುದಾದ ಮಿತಿ 15 ಪರ್ಸೆಂಟ್, ಅದರ ಮೇಲೆ ಸೆಸ್ಸೂ ಇಲ್ಲ. ಅಂದರೆ 10,500. ಹೆಚ್ಚಾಗಿ ಹೋದದ್ದು 11,340. ಅವನು ಕೇಳಿದ, "ಅಲ್ಲಿ ಕಟ್ಟಿದ್ದನ್ನೆಲ್ಲ ಇಲ್ಲಿ ಕ್ರೆಡಿಟ್ ತಗೊಂಡ್ರೆ ಆಯ್ತಲ್ಲ?" ಆಗುವುದಿಲ್ಲ. ಭಾರತದಿಂದ ವಾಪಸ್ ಪಡೆಯಬಹುದಾದ ಹಣವನ್ನು ಅಮೆರಿಕ ಕಟ್ಟಿದ ತೆರಿಗೆ ಎಂದು ಒಪ್ಪುವುದೇ ಇಲ್ಲ. ಆ 11,340 ಬರಬೇಕಾದರೆ ಭಾರತದಲ್ಲೇ ರಿಟರ್ನ್ ಸಲ್ಲಿಸಬೇಕು.

ಅವನಿಗೆ ಭಾರತದಲ್ಲಿ ಬೇರೆ ಆದಾಯವೇ ಇರಲಿಲ್ಲ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯಿಲ್ಲ, ಈ ವಿನಾಯಿತಿ ಅನಿವಾಸಿಗಳಿಗೂ ಇದೆ. ಹನ್ನೆರಡು ಲಕ್ಷದವರೆಗೆ ಸೊನ್ನೆ ಎಂದು ಎಲ್ಲರೂ ಹೇಳುವ ರಿಯಾಯಿತಿ ಮಾತ್ರ ನಮಗಿಲ್ಲ. ಹಾಗಾಗಿ ಅವನಿಗೆ ಸಲ್ಲಬೇಕಾದ್ದು ಪೂರ್ತಿ 21,840. ಆಗ ಭಾರತದಲ್ಲಿ ತೆರಿಗೆ ಸೊನ್ನೆ, ಇಲ್ಲಿ ಕ್ರೆಡಿಟ್ಟೂ ಸೊನ್ನೆ, 70,000ಕ್ಕೆ ಅಮೆರಿಕದ ತೆರಿಗೆಯಷ್ಟೇ. ಅವನ 22 ಪರ್ಸೆಂಟ್ ಸ್ಲ್ಯಾಬಿನಲ್ಲಿ ಅದು 15,400 ರೂಪಾಯಿಯಷ್ಟು.

ಮೊದಲೇ 15 ಪರ್ಸೆಂಟ್ ಹಿಡಿಯುವಂತೆ ಬ್ಯಾಂಕಿಗೆ ಹೇಳಬಹುದು. ಅದಕ್ಕೆ ನೀವು ಅಮೆರಿಕದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಬೇಕು. ಇಲ್ಲಿ ಅದರ ಹೆಸರು ಫಾರಂ 6166, ಅರ್ಜಿ ಹಾಕುವುದು 8802ರಲ್ಲಿ. ಜೊತೆಗೆ ಭಾರತದ ಪೋರ್ಟಲ್‌ನಲ್ಲಿ ಫಾರಂ 10ಎಫ್ ಸಲ್ಲಿಸಿ ಎರಡನ್ನೂ ಪ್ರತಿ ವರ್ಷ ಬ್ಯಾಂಕಿಗೆ ಕೊಡಬೇಕು. ಪತ್ರ ಕೈಸೇರಲು ತಿಂಗಳುಗಟ್ಟಲೆ ಆಗುತ್ತದೆ, ಇಲ್ಲಿ ಇನ್ನೂ ರಿಟರ್ನ್ ಸಲ್ಲಿಸದ ಹೊಸಬರಿಗೆ ಸಿಗುವುದೂ ಕಷ್ಟ. ಎಫ್‌ಡಿ ಇಷ್ಟೇ ಚಿಕ್ಕದಿದ್ದರೆ ಮೊದಲ ವರ್ಷ 31.2 ಹೋಗಲಿ, ಜುಲೈ 31ರೊಳಗೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ ಎಂಬುದು ನನ್ನ ಸಲಹೆ.

ಇನ್ನು ಹಣವನ್ನು ಇಲ್ಲಿಗೆ ತರುವ ವಿಷಯ. ಎನ್‌ಆರ್‌ಒದಿಂದ ಏಪ್ರಿಲ್–ಮಾರ್ಚ್ ಲೆಕ್ಕದ ಒಂದು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ. ಎಷ್ಟು ಬ್ಯಾಂಕಿನಲ್ಲಿ ಖಾತೆ ಇದ್ದರೂ ಎಲ್ಲ ಸೇರಿ ಇಷ್ಟೇ. ಬಡ್ಡಿ, ಬಾಡಿಗೆ, ಪಿಂಚಣಿಯಂಥ ಚಾಲ್ತಿ ಆದಾಯ ತೆರಿಗೆ ಕಟ್ಟಿದ ಮೇಲೆ ಈ ಮಿತಿಯೊಳಗೆ ಬರುವುದಿಲ್ಲ. ಸೈಟು, ಮನೆ ಮಾರಿದ ಹಣ, ಪಿತ್ರಾರ್ಜಿತವಾಗಿ ಬಂದದ್ದು ಬರುತ್ತದೆ. ಎನ್‌ಆರ್‌ಒದಿಂದ ಎನ್‌ಆರ್‌ಇಗೆ ಹಾಕುವುದೂ ಇದೇ ಮಿತಿಗೆ ಸೇರುತ್ತದೆ, ಕಾಗದಪತ್ರವೂ ಅದೇ.

ಹತ್ತು ಲಕ್ಷ ಡಾಲರ್ ಎಂದರೆ ಎಂಟು ಕೋಟಿ ರೂಪಾಯಿಗೂ ಮೇಲೆ. ನಮ್ಮಂಥವರು ಅದನ್ನು ಮುಟ್ಟುವುದು ಅಪರೂಪ, ಹಣ ನಿಲ್ಲುವುದು ಕಾಗದದಲ್ಲಿ. ಅಪ್ಪ ತೀರಿಕೊಂಡ ಮೇಲೆ ಊರಿನ ಸೈಟು ಮಾರಿದಾಗ ನನ್ನ ಪಾಲಿಗೆ 42 ಲಕ್ಷ ಬಂತು. ಕಳಿಸುವ ಮೊತ್ತ ವರ್ಷಕ್ಕೆ ಐದು ಲಕ್ಷ ದಾಟಿ ತೆರಿಗೆಯ ವ್ಯಾಪ್ತಿಗೆ ಬರುವಂಥದ್ದಾದರೆ, ಲೆಕ್ಕ ಪರಿಶೋಧಕರು 15ಸಿಬಿ ಪ್ರಮಾಣಪತ್ರ ಅಪ್‌ಲೋಡ್ ಮಾಡಬೇಕು, ಅದನ್ನು ಹಿಡಿದು ನಾವು 15ಸಿಎ ಘೋಷಣೆ ಸಲ್ಲಿಸಬೇಕು, ಎರಡನ್ನೂ ಬ್ಯಾಂಕಿಗೆ ಕೊಡಬೇಕು. ನಮ್ಮ ಆಡಿಟರ್ ಕೇಳಿದ್ದು ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತಾ, ಕ್ರಯಪತ್ರ, ತೆರಿಗೆ ಕಟ್ಟಿದ ಚಲನ್. ವಂಶವೃಕ್ಷದಲ್ಲಿ ನನ್ನ ಹೆಸರಿನ ಇನಿಷಿಯಲ್ ಮುಂದಿತ್ತು, ಪಾಸ್‌ಪೋರ್ಟ್‌ನಲ್ಲಿ ಅದು ವಿಸ್ತಾರವಾಗಿ ಕೊನೆಗಿತ್ತು. ಅಷ್ಟಕ್ಕೇ ಬ್ಯಾಂಕು ಕಡತವನ್ನು ಹಿಂದಕ್ಕೆ ಕಳಿಸಿತು. ಎರಡೂ ಹೆಸರು ಒಬ್ಬನದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಕೊಟ್ಟ ಮೇಲೆ ಆರನೇ ವಾರಕ್ಕೆ ಹಣ ಬಂತು. ಸೈಟು ಮಾರುವ ಯೋಚನೆ ಇದ್ದರೆ, ಕ್ರಯಕ್ಕೆ ಮೊದಲೇ ಊರಿಗೆ ಹೋದಾಗ ಖಾತಾ, ಪಾನ್, ಪಾಸ್‌ಪೋರ್ಟ್ ಮೂರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ.