ಚಾರ್ಜ್ ಹೊರಿಸಿ 30 ದಿನದೊಳಗೆ: ಪ್ಲೀ ಬಾರ್ಗೇನಿಂಗ್ ಅರ್ಜಿಗೆ ಸಹಿ ಹಾಕುವ ಮುನ್ನ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಗೋದಾಮಿನಿಂದ ಎರಡು ಗೋಣಿ ಚಾಲಿ ಅಡಿಕೆ ಕದ್ದ ಆರೋಪ ಎಂದಿಟ್ಟುಕೊಳ್ಳೋಣ. ಆರೋಪಿ 24 ವರ್ಷದ ಕೂಲಿಯಾಳು. ಹಿಂದೆ ಯಾವ ಕೇಸೂ ಇಲ್ಲ. ಜಾಮೀನು ಸಿಕ್ಕಿದೆ, ಆದರೆ ಭದ್ರತೆಗೆ ನಿಲ್ಲುವವರಿಲ್ಲದೆ ಐದು ತಿಂಗಳಿನಿಂದ ಜೈಲಿನಲ್ಲಿದ್ದಾನೆ. ಈಗ ಅವನಿಗೊಂದು ಸಲಹೆ ಬರುತ್ತದೆ: ‘ಪ್ಲೀ ಬಾರ್ಗೇನಿಂಗ್‌ಗೆ ಅರ್ಜಿ ಹಾಕು, ಬೇಗ ಮುಗಿಯುತ್ತದೆ.’ ಬೇಗ ಮುಗಿಯುವುದು ನಿಜ. ಏನಾಗಿ ಮುಗಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ತಪ್ಪೊಪ್ಪಿಕೊಂಡು, ನೊಂದವರಿಗೆ ಪರಿಹಾರ ಕೊಡಲು ಒಪ್ಪಿ, ಅದಕ್ಕೆ ಬದಲಾಗಿ ಕಡಿಮೆ ಶಿಕ್ಷೆ ಪಡೆಯುವ ವ್ಯವಸ್ಥೆ ಇದು. ನಮ್ಮಲ್ಲಿ 2006ರ ಜುಲೈಯಿಂದ ಜಾರಿಯಲ್ಲಿದೆ. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ನೇ ಸೆಕ್ಷನ್‌ವರೆಗೆ ಇದರ ವಿಧಿವಿಧಾನಗಳಿವೆ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ, ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ, ದೇಶದ ಸಾಮಾಜಿಕ–ಆರ್ಥಿಕ ಸ್ಥಿತಿಗೆ ಧಕ್ಕೆ ತರುವುದೆಂದು ಸರಕಾರ ಗುರುತಿಸಿದ ಅಪರಾಧಗಳಿಗೆ ಇದು ಅನ್ವಯಿಸದು. ಗೋದಾಮಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್‌ನಲ್ಲಿ ಗರಿಷ್ಠ ಏಳು ವರ್ಷ. ಹಾಗಾಗಿ ನಮ್ಮ ಉದಾಹರಣೆ ಗಡಿಯ ಒಳಗೇ ಇದೆ.

ನ್ಯಾಯಾಲಯಕ್ಕೆ ಇದರಿಂದ ಆಗುವ ಉಪಕಾರ ದೊಡ್ಡದು. ಇಂಥ ಕೇಸಿನಲ್ಲಿ ಗೋದಾಮಿನ ಮಾಲಕ, ಅಡಿಕೆ ಕೊಂಡ ವ್ಯಾಪಾರಿ, ಮಹಜರಿಗೆ ಸಹಿ ಹಾಕಿದವರು, ಪೊಲೀಸರು ಎಂದು ಎಂಟು ಹತ್ತು ಸಾಕ್ಷಿಗಳಿರುತ್ತಾರೆ. ಒಬ್ಬ ಗಲ್ಫಿಗೆ ಹೋಗಿರುತ್ತಾನೆ, ತನಿಖಾಧಿಕಾರಿಗೆ ವರ್ಗವಾಗಿರುತ್ತದೆ, ಕೇಸು ವಾಯಿದೆಯಿಂದ ವಾಯಿದೆಗೆ ಎಳೆಯುತ್ತದೆ. ಪ್ಲೀ ಬಾರ್ಗೇನಿಂಗ್‌ನಲ್ಲಿ ಈ ಸಾಕ್ಷಿಗಳು ಯಾರೂ ಕಟಕಟೆ ಹತ್ತಬೇಕಿಲ್ಲ. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲದ್ದರಿಂದ ಸೆಷನ್ಸ್ ಕೋರ್ಟಿನ ಹೊರೆಯೂ ತಗ್ಗುತ್ತದೆ. ಆದರೆ ನ್ಯಾಯಾಲಯಕ್ಕೆ ಉಳಿತಾಯವಾಗುವ ಈ ಎರಡೂ, ಅಂದರೆ ಸಾಕ್ಷಿಗಳ ಪಾಟೀಸವಾಲು ಮತ್ತು ಮೇಲ್ಮನವಿ, ಆರೋಪಿಯ ಕೈಯಲ್ಲಿದ್ದ ರಕ್ಷಣೆಗಳೇ.

ಮೊದಲ ಕೆಲಸ, ದಿನಾಂಕ ಬರೆದಿಡುವುದು. ನ್ಯಾಯಾಲಯ ಚಾರ್ಜ್ ಹೊರಿಸಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಳೆಯ ಕಾನೂನಿನಲ್ಲಿ ಈ ಗಡುವು ಇರಲಿಲ್ಲ. ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ: ಪೊಲೀಸರ ಚಾರ್ಜ್‌ಶೀಟು ಮಲಯಾಳದಲ್ಲಿರುತ್ತದೆ. ಮಾತಾಡಲು ಮಲಯಾಳ ಬಂದರೂ ಓದಲು ಬಾರದ ಕನ್ನಡಿಗರು, ತುಳುವರು ಇಲ್ಲಿ ಬಹಳ ಮಂದಿ. ಚಾರ್ಜನ್ನು ಆರೋಪಿಗೆ ಓದಿ ವಿವರಿಸುವುದು ನ್ಯಾಯಾಲಯದ ಕರ್ತವ್ಯ. ಅರ್ಥವಾಗದಿದ್ದರೆ ‘ಕನ್ನಡದಲ್ಲಿ ಹೇಳಿ’ ಎಂದು ಅಲ್ಲೇ ಕೇಳಬೇಕು. ತಲೆ ಅಲ್ಲಾಡಿಸಿ ಬಂದರೆ 30 ದಿನದಲ್ಲಿ ಅರ್ಧ, ಸೆಕ್ಷನ್ ಯಾವುದೆಂದು ತಿಳಿಯುವುದರಲ್ಲೇ ಕಳೆದುಹೋಗುತ್ತದೆ.

ಎರಡನೆಯದು ಲೆಕ್ಕ. ಅಪರಾಧಕ್ಕೆ ಕನಿಷ್ಠ ಶಿಕ್ಷೆ ನಿಗದಿಯಾಗಿದ್ದರೆ ಅದರ ಅರ್ಧ, ಮೊದಲ ಸಲದ ಅಪರಾಧಿಯಾದರೆ ಕಾಲು ಭಾಗ ವಿಧಿಸಬಹುದು. ಕನಿಷ್ಠ ಶಿಕ್ಷೆ ಇಲ್ಲದಿದ್ದರೆ ಗರಿಷ್ಠ ಶಿಕ್ಷೆಯ ಕಾಲು ಭಾಗ, ಮೊದಲ ಸಲಕ್ಕೆ ಆರನೇ ಒಂದು ಭಾಗ. ನಮ್ಮ ಕೂಲಿಯಾಳಿಗೆ ಏಳು ವರ್ಷ, ಅಂದರೆ 84 ತಿಂಗಳ ಆರನೇ ಒಂದು ಭಾಗ: 14 ತಿಂಗಳು. ಜೈಲಿನಲ್ಲಿ ಕಳೆದ ಐದು ತಿಂಗಳು ವಜಾ ಆದರೆ ಇನ್ನು ಒಂಬತ್ತು.

ಏಳು ವರ್ಷದ ಮುಂದೆ 14 ತಿಂಗಳು ಅಗ್ಗ ಎಂದು ಕಾಣುತ್ತದೆ. ಆದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಜೈಲು ಶಿಕ್ಷೆಯೇ ಮೂರು ವರ್ಷಕ್ಕೆ ಸೀಮಿತ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಅವರು ಕೇಸನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಎರಡು ಗೋಣಿ ಅಡಿಕೆಗೆ, ಅದೂ ಮೊದಲ ತಪ್ಪಿಗೆ, ಪೂರ್ತಿ ವಿಚಾರಣೆ ನಡೆದು ಸೋತರೂ 14 ತಿಂಗಳಿಗಿಂತ ಕಡಿಮೆ ಶಿಕ್ಷೆಯಾಗುವ ಸಾಧ್ಯತೆ ಸಾಕಷ್ಟಿದೆ. ಗೆಲ್ಲುವ ಸಾಧ್ಯತೆ ಬೇರೆ. ‘ಏಳು ವರ್ಷ ಆದೀತು’ ಎಂದು ಹೆದರಿಸಿ ಸಹಿ ಹಾಕಿಸುವವರು ಈ ಭಾಗವನ್ನು ಹೇಳುವುದಿಲ್ಲ.

ಹಾಗಾದರೆ ಲಾಭವೇ ಇಲ್ಲವೇ? ಇದೆ, ಪ್ರೊಬೇಷನ್ ಸಿಕ್ಕಿದರೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಡಿ ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ಅವಕಾಶವಿದೆ. ಆರನೇ ಒಂದು ಭಾಗದ ಲೆಕ್ಕಕ್ಕೆ ಹೋಗುವ ಮೊದಲು ನ್ಯಾಯಾಲಯ ಇದನ್ನೇ ಪರಿಶೀಲಿಸಬೇಕು. ಈ ಕಾಯಿದೆಯಡಿ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಗಳು ಅಂಟುವುದಿಲ್ಲ ಎಂದು 12ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಮಾತುಕತೆಯ ಮೊದಲ ಬೇಡಿಕೆ ಪ್ರೊಬೇಷನ್ ಆಗಿರಬೇಕು, ತಿಂಗಳುಗಳ ಚೌಕಾಸಿ ಆಮೇಲೆ.

ಸಹಿಗೆ ಮೊದಲು ಬೇರೆ ದಾರಿಗಳನ್ನೂ ನೋಡಬೇಕು. ಸಾದಾ ಕಳವು, ಅಂದರೆ 303(2) ಆಗಿದ್ದರೆ ಮಾಲಿನ ಒಡೆಯನೊಡನೆ ರಾಜಿಯಾಗಬಹುದು, ರಾಜಿಯ ಫಲ ಖುಲಾಸೆ. ಪ್ಲೀ ಬಾರ್ಗೇನಿಂಗ್‌ನ ಫಲ ದೋಷಿ ಎಂಬ ತೀರ್ಪು. ಇನ್ನು ಭದ್ರತೆ ಇಲ್ಲದೆ ಜೈಲಿನಲ್ಲಿ ಉಳಿದಿರುವುದೇ ನಿಜವಾದ ಕಷ್ಟವಾದರೆ ಅದಕ್ಕೆ ಮದ್ದು ಬೇರೆ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100.

ಇಷ್ಟಾದ ಮೇಲೂ ಅರ್ಜಿಯೇ ಸರಿ ಎನಿಸಿದರೆ, ಕೇಸಿನ ಚುಟುಕು ವಿವರದ ಜೊತೆ ಅಫಿಡವಿಟ್ ಬೇಕು. ಸ್ವಇಚ್ಛೆಯಿಂದ ಹಾಕಿದ್ದೇನೆ, ಶಿಕ್ಷೆ ಎಷ್ಟೆಂದು ಅರ್ಥವಾಗಿದೆ, ಇದೇ ಅಪರಾಧಕ್ಕೆ ಹಿಂದೆ ಶಿಕ್ಷೆಯಾಗಿಲ್ಲ ಎಂದು ಅದರಲ್ಲಿರಬೇಕು. ಆಮೇಲೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಗುಪ್ತವಾಗಿ, ಎದುರು ಪಕ್ಷ ಇಲ್ಲದೆ ವಿಚಾರಿಸುತ್ತಾರೆ. ಒತ್ತಡ ಇದ್ದರೆ ಬಾಯಿ ಬಿಡಬೇಕಾದ ಜಾಗ ಇದು. ಇಲ್ಲಿ ಆರೋಪಿ ತನ್ನ ಭಾಷೆಯಲ್ಲಿ, ತನ್ನ ಮಾತಿನಲ್ಲೇ ಉತ್ತರಿಸಬೇಕು. ‘ಹೌದು ಸಾರ್’ ಒಂದನ್ನೇ ಹೇಳಿಕೊಟ್ಟು ಕಳಿಸಿದ್ದರೆ ಈ ಹಂತಕ್ಕೆ ಅರ್ಥವೇ ಇಲ್ಲ.

ಸ್ವಇಚ್ಛೆ ಎಂದು ಖಾತ್ರಿಯಾದರೆ ಒಪ್ಪಂದಕ್ಕೆ 60 ದಿನ ಮೀರದ ಗಡುವು. ಸರಕಾರಿ ವಕೀಲರು, ತನಿಖಾಧಿಕಾರಿ, ಆರೋಪಿ ಮತ್ತು ನೊಂದವರು ಕೂತು ಮಾತಾಡುತ್ತಾರೆ. ಬಡವರ ಒಪ್ಪಂದ ಸಾಮಾನ್ಯವಾಗಿ ಮುರಿಯುವುದು ಪರಿಹಾರದ ಮೊತ್ತದಲ್ಲಿ. ಪೊಲೀಸರು ವಶಪಡಿಸಿಕೊಂಡ ಅಡಿಕೆ ಮಾಲಕನಿಗೆ ಮರಳಿದ್ದರೆ ಅದರ ಬೆಲೆ ಕಳೆದು ಉಳಿದ ನಷ್ಟಕ್ಕಷ್ಟೇ ಒಪ್ಪಬೇಕು. ಕಟ್ಟಲಾಗದ ಮೊತ್ತಕ್ಕೆ ಸಾಲ ಮಾಡಿ ಒಪ್ಪುವುದು ಜೈಲಿನಿಂದ ಬಡ್ಡಿಯವನ ಕೈಗೆ ಹೋದಂತೆ.

ಮಾತುಕತೆ ಮುರಿದರೆ ಕೇಸು ನಿಂತಲ್ಲಿಂದಲೇ ಮುಂದುವರಿಯುತ್ತದೆ, ಅರ್ಜಿಯಲ್ಲಿ ಹೇಳಿದ್ದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಕಾನೂನು ಹಾಗೆ ಹೇಳುತ್ತದೆ. ಆದರೆ ಅದನ್ನು ಓದಿದ ಮ್ಯಾಜಿಸ್ಟ್ರೇಟರೇ ವಿಚಾರಣೆಯನ್ನೂ ನಡೆಸಬಹುದು ಎಂಬುದು ವಕೀಲರಿಗೆ ಗೊತ್ತು. ಇಂಥ ಅರ್ಜಿಗಳು ತೀರ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ.

ಅರ್ಜಿ, ಅಫಿಡವಿಟ್ ಏನೂ ಇಲ್ಲದೆ ‘ಒಪ್ಪಿಕೋ, ಫೈನ್ ಕಟ್ಟಿ ಬಾ’ ಎನ್ನುವುದು ಪ್ಲೀ ಬಾರ್ಗೇನಿಂಗ್ ಅಲ್ಲ, ಬರಿ ತಪ್ಪೊಪ್ಪಿಗೆ. ಕರ್ನಾಟಕದ ತಿಪ್ಪೇಸ್ವಾಮಿ ಪ್ರಕರಣದಲ್ಲಿ ಹೀಗೆ ಒಪ್ಪಿಕೊಂಡವನಿಗೆ ದಂಡ ಮಾತ್ರ ಬಿದ್ದಿತ್ತು, ಹೈಕೋರ್ಟ್ ಅದನ್ನು ಜೈಲು ಶಿಕ್ಷೆಗೆ ಏರಿಸಿತು. ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ ಆಮೇಲೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟ್ ಕೇಸನ್ನು ಮರುವಿಚಾರಣೆಗೆ ಕಳಿಸಿತು. ಅಷ್ಟು ದೂರ ಹೋಗುವ ತ್ರಾಣ ಎಲ್ಲರಿಗಿರದು. ಪ್ಲೀ ಬಾರ್ಗೇನಿಂಗ್ ತೀರ್ಪನ್ನು ಪ್ರಶ್ನಿಸಲೂ ಎರ್ನಾಕುಳಂನ ಹೈಕೋರ್ಟಿಗೆ ರಿಟ್ ಅಥವಾ ಸುಪ್ರೀಂ ಕೋರ್ಟಿಗೆ ವಿಶೇಷ ಅರ್ಜಿ, ಇವೆರಡೇ ದಾರಿ.

ತೀರ್ಪಿನ ದಿನ ಉಚಿತ ಪ್ರತಿ ಕೇಳಿ ಪಡೆದು ಒಂದು ಸಾಲನ್ನು ಹುಡುಕಬೇಕು: ಈಗಾಗಲೇ ಜೈಲಿನಲ್ಲಿ ಕಳೆದ ಅವಧಿಯ ವಜಾ. ನಮ್ಮ ಉದಾಹರಣೆಯ ಐದು ತಿಂಗಳು ಅದರಲ್ಲಿ ದಿನಗಳ ಲೆಕ್ಕದಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಆರೋಪಿಯನ್ನು ಕರೆದೊಯ್ಯುವ ಮೊದಲೇ ವಕೀಲರು ಅದನ್ನು ನ್ಯಾಯಾಲಯದ ಗಮನಕ್ಕೆ ತರಬೇಕು.