ನೆಲ್ಲಿಕಾಯಿ ಸಾರದಲ್ಲಿ ಫೀನಾಲ್ ಅಂಶ ಏರಿ ಕಂಡಾಗ

ಮಲೆನಾಡಿನ ಬೆಟ್ಟದ ನೆಲ್ಲಿಕಾಯಿಯ ಸಾರಕ್ಕೆ, ಫೀನಾಲ್ ಅಂಶವನ್ನು ನೀಲಿ ಬಣ್ಣದಿಂದ ಅಳೆಯಲು ಬಳಸುವ ಫೋಲಿನ್-ಸಿಯೊಕಾಲ್ಟು ಕಾರಕ ಬೆರೆಸಿ 760 ನ್ಯಾನೋಮೀಟರಿನಲ್ಲಿ ಅಳೆದಾಗ, ಪ್ರತಿ ಗ್ರಾಂ ಒಣ ಪುಡಿಗೆ 120 ಮಿಲಿಗ್ರಾಂ ಗ್ಯಾಲಿಕ್ ಆಮ್ಲ ಸಮಾನಾಂಶ ಬಂತು. ಸೋಡಿಯಂ ಕಾರ್ಬೊನೇಟ್ ಹಾಕುವ ಮೊದಲೇ ದ್ರಾವಣ ನೀಲಿಗೆ ತಿರುಗಿದ್ದು ನನ್ನಲ್ಲಿ ಅನುಮಾನ ಹುಟ್ಟಿಸಿತು. ಫೀನಾಲ್‌ಗಳು ಈ ಕಾರಕದೊಡನೆ ಚುರುಕಾಗಿ ವರ್ತಿಸಲು ಕ್ಷಾರ ಬೇಕು. ಸಿ ಜೀವಸತ್ವವಾದರೋ ಆಮ್ಲದಲ್ಲೂ ಕಾರಕವನ್ನು ಬೇಗನೆ ಅಪಕರ್ಷಿಸಿ ನೀಲಿಯಾಗಿಸಿಬಿಡುತ್ತದೆ; ಆ ಬಣ್ಣವೂ ಫೀನಾಲ್ ಲೆಕ್ಕಕ್ಕೆ ಸೇರಿಬಿಡುತ್ತದೆ.

ಸಾರದ ಒಂದು ಪಾಲಿಗೆ ಪಿವಿಪಿಪಿ ಎಂಬ, ನೀರಿನಲ್ಲಿ ಕರಗದ ಪಾಲಿಮರ್ ಪುಡಿ ಸೇರಿಸಿ, ಆಮ್ಲೀಯವಾಗಿಯೇ ತಣ್ಣಗಿಟ್ಟು, ಸೆಂಟ್ರಿಫ್ಯೂಜ್ ಮಾಡಿದೆ. ಪುಡಿಗೆ ಫೀನಾಲ್‌ಗಳು, ಅದರಲ್ಲೂ ಟ್ಯಾನಿನ್‌ಗಳು, ಅಂಟಿ ತಳಕ್ಕಿಳಿದರೆ ಸಿ ಜೀವಸತ್ವ ಮೇಲಿನ ತಿಳಿಯಲ್ಲೇ ಉಳಿಯುತ್ತದೆ. ಮೂಲ ಸಾರದ ಹೀರಿಕೆ 0.60, ತಿಳಿಯದ್ದು 0.15, ವ್ಯತ್ಯಾಸವಾದ 0.45 ಅನ್ನು ಗ್ಯಾಲಿಕ್ ಆಮ್ಲದ ರೇಖೆಯಲ್ಲಿ ಓದಿದಾಗ ಫಲಿತಾಂಶ 90ಕ್ಕೆ ಇಳಿಯಿತು. ಪುಡಿಗೆ ಅಂಟದ ಸಣ್ಣ ಫೀನಾಲ್‌ಗಳು ಈ ಲೆಕ್ಕದಿಂದ ತಪ್ಪಿಹೋಗುವುದರಿಂದ ವರದಿಯಲ್ಲಿ ಎರಡೂ ಅಂಕಿಗಳನ್ನು ಕೊಟ್ಟಿದ್ದೇನೆ.