ಹಾಜರಿ ಪುಸ್ತಕದ ಫೋಟೋ: ಎಲ್ಲರದೂ ಒಂದೇ ನಮೂನೆಯ ಹಾಳೆಯಲ್ಲಿ ಬರಲಿ

ಪ್ರೀತಿಯ ವಿದ್ಯಾರ್ಥಿಗಳೇ,

ಇಂಟರ್ನ್‌ಶಿಪ್‌ಗೆ ಹೋಗಿರುವ ಪ್ರತಿ ತಂಡವೂ ತಿಂಗಳ ಕೊನೆಗೆ ಹಾಜರಿ ಪುಸ್ತಕದ ಫೋಟೋ ಕಳಿಸಬೇಕು. ಒಬ್ಬರದು ಅಡ್ಡ, ಇನ್ನೊಬ್ಬರದು ಉದ್ದ, ಮತ್ತೊಬ್ಬರದರಲ್ಲಿ ಅರ್ಧ ಪುಟಕ್ಕೆ ನೆರಳು ಎಂದಾದರೆ, ಅವನ್ನು ಒಂದು ಫೈಲಿನಲ್ಲಿ ಜೋಡಿಸಿ ಹಾಜರಿ ಲೆಕ್ಕ ಹಾಕಲು ಆಗುವುದಿಲ್ಲ. ಅಕ್ಷರ ಕಾಣದ ಕಡೆ ನಿಮ್ಮ ಹಾಜರಿಯೇ ಅನುಮಾನಕ್ಕೆ ಬೀಳುತ್ತದೆ. ಹಾಗಾಗಿ ಈ ತಿಂಗಳಿಂದ ಎಲ್ಲ ತಂಡದವರೂ ಒಂದೇ ನಮೂನೆಯ ಹಾಳೆ ಕಳಿಸಿ. ತಂಡದ ನಾಯಕರು ಇದನ್ನು ಮಾಡಿದರೆ ಸಾಕು, ಎಲ್ಲರೂ ಕಳಿಸುವುದು ಬೇಡ.

ಮೊದಲು ಪುಸ್ತಕ, ಆಮೇಲೆ ಕ್ಯಾಮೆರಾ

ಫೋಟೋ ತೆಗೆಯುವ ಮೊದಲು ಪುಟವನ್ನೇ ಒಮ್ಮೆ ಓದಿ. ತಿಂಗಳ ಹೆಸರು ಬರೆದಿದೆಯೇ? ಭಾನುವಾರ ಮತ್ತು ರಜೆಯ ಮನೆಗಳು ತುಂಬಿವೆಯೇ? ಕೊನೆಯಲ್ಲಿ ಮೇಲ್ವಿಚಾರಕರ ಸಹಿ, ಸೀಲು, ತಾರೀಕು ಇವೆಯೇ? ಇವು ಇಲ್ಲದೆ ಫೋಟೋ ತೆಗೆದರೆ ಕೆಲಸ ಎರಡು ಸಲ ಆಗುತ್ತದೆ.

ಪುಸ್ತಕವನ್ನು ಕಿಟಕಿಯ ಹತ್ತಿರದ ಮೇಜಿನ ಮೇಲೆ ಬಿಚ್ಚಿಡಿ. ಬೆಳಕು ಪಕ್ಕದಿಂದ ಬರಬೇಕು. ತಲೆಯ ಮೇಲಿನ ದೀಪದ ಕೆಳಗೆ ನಿಂತರೆ ಫೋನಿನ ನೆರಳು ಪುಟದ ಮಧ್ಯಕ್ಕೇ ಬೀಳುತ್ತದೆ. ಫ್ಲ್ಯಾಶ್ ಹಾಕಬೇಡಿ. ಪುಟದಲ್ಲಿ ಒಂದು ಬಿಳಿ ಮಚ್ಚೆ ಮೂಡುತ್ತದೆ, ಅದರ ಕೆಳಗಿನ ಸಹಿಗಳು ಮಾಯವಾಗುತ್ತವೆ.

ಜಾಸ್ತಿ ತೊಂದರೆ ಕೊಡುವುದು ಪುಸ್ತಕದ ನಡು. ತಾರೀಕಿನ ಮನೆಗಳು ಎಡಪುಟದಿಂದ ಬಲಪುಟಕ್ಕೆ ಸಾಗುತ್ತವೆ. ಹೊಲಿಗೆಯ ಹತ್ತಿರ ಕಾಗದ ಬಾಗುವುದರಿಂದ 15, 16ರ ಆಸುಪಾಸಿನ ಮನೆಗಳು ಮಡಿಕೆಯೊಳಗೆ ಅಡಗಿಬಿಡುತ್ತವೆ. ಪುಸ್ತಕದ ಶುರುವಿನ ಪುಟವಾದರೆ ಎಡಗಡೆ ತೆಳ್ಳಗೆ, ಬಲಗಡೆ ದಪ್ಪ ಇರುತ್ತದೆ. ತೆಳ್ಳಗಿರುವ ಕಡೆ ಕೆಳಗೆ ಇನ್ನೊಂದು ಪುಸ್ತಕ ಇಟ್ಟು ಎರಡೂ ಬದಿ ಸಮ ಮಾಡಿ. ಅಂಚಿನ ಖಾಲಿ ಜಾಗದಲ್ಲಿ ಸ್ಕೇಲು ಇಟ್ಟು ಗೆಳೆಯರೊಬ್ಬರು ಒತ್ತಿ ಹಿಡಿಯಲಿ. ಇಷ್ಟಾದರೂ ನಡುವಿನ ಮನೆಗಳು ಕಾಣದಿದ್ದರೆ, ಪೂರ್ತಿ ಪುಟದ ಫೋಟೋ ಜೊತೆಗೆ ಆ ನಡುಭಾಗದ್ದೇ ಹತ್ತಿರದ ಫೋಟೋ ಒಂದು ತೆಗೆಯಿರಿ. ಅದರಲ್ಲಿ ತಾರೀಕಿನ ಸಾಲಿನಿಂದ ಹಿಡಿದು ಕೊನೆಯ ಹೆಸರಿನ ಸಾಲಿನವರೆಗೆ ಎಲ್ಲವೂ ಇರಬೇಕು. ಆಗ ಮೇಲಿನಿಂದ ಎಣಿಸಿ ಯಾವ ಸಾಲು ಯಾರದೆಂದು ಹೇಳಬಹುದು.

ಫೋನ್ ಹಿಡಿಯುವ ಬಗೆ

ಫೋನನ್ನು ಅಡ್ಡ ಹಿಡಿದು, ಪುಸ್ತಕದ ನಡುವಿಗೆ ನೇರ ಮೇಲೆ ತನ್ನಿ. ಫೋನು ಮೇಜಿಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಹತ್ತಿರದ ಅಂಚು ದೊಡ್ಡದಾಗಿ, ದೂರದ ಅಂಚು ಚಿಕ್ಕದಾಗಿ ಕಾಣುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಂಡರೆ ಪುಟದ ಅಂಚನ್ನು ಅದಕ್ಕೆ ಸರಿಹೊಂದಿಸಬಹುದು. ತೀರಾ ಹತ್ತಿರ ಹೋಗಬೇಡಿ. ನಾಲ್ಕು ಬದಿಯಲ್ಲೂ ಒಂದು ಬೆರಳಿನಷ್ಟು ಮೇಜು ಕಾಣುವಷ್ಟು ಎತ್ತರ ಸರಿ. ಆಮೇಲೆ ಫೋನಿನಲ್ಲೇ ಆ ಅಂಚನ್ನು ಕತ್ತರಿಸಿ.

ಸ್ಕ್ಯಾನ್ ಮಾಡುವ ಆ್ಯಪ್ ಬಳಸಬಹುದು, ಅದು ನಾಲ್ಕು ಮೂಲೆ ಹಿಡಿದು ಓರೆಯನ್ನು ತಾನೇ ಸರಿ ಮಾಡುತ್ತದೆ. ಆದರೆ ಬಣ್ಣದಲ್ಲೇ ಇಡಿ. ಕಪ್ಪು-ಬಿಳುಪು ಮಾಡಿದರೆ ಪುಟ ಚೆಂದ ಕಾಣುತ್ತದೆ ನಿಜ, ಆದರೆ ಮಾಸಿದ ಇಂಕಿನ ಸಹಿ ಅಳಿಸಿಹೋಗಬಹುದು. ಕೆಂಪು ಇಂಕಿನಲ್ಲಿ ಹಾಕಿದ ಗೈರುಹಾಜರಿ ಗುರುತು ಉಳಿದವುಗಳ ಜೊತೆ ಬೆರೆತುಬಿಡುತ್ತದೆ.

ಹಾಳೆಯ ಅಳತೆ

ಹಾಳೆ ಎ4, ಅಡ್ಡ. ಅಂದರೆ 29.7 ಸೆಂ.ಮೀ. ಅಗಲ, 21 ಸೆಂ.ಮೀ. ಎತ್ತರ. ವರ್ಡ್‌ನಲ್ಲಿ Layout ಒಳಗೆ Orientation ಅನ್ನು Landscape ಮಾಡಿ, Size ಅನ್ನು A4 ಮಾಡಿ. ಮೇಲೆ 2.5 ಸೆಂ.ಮೀ. ಅಂಚು ಬಿಡಿ, ಉಳಿದ ಮೂರು ಕಡೆ 1 ಸೆಂ.ಮೀ. ಮೇಲೆ ಜಾಸ್ತಿ ಬಿಡುವುದು ಪಂಚ್ ಮಾಡಿ ದಾರ ಹಾಕಲು. ಅಲ್ಲಿ ಜಾಗ ಇಲ್ಲದಿದ್ದರೆ ರಂಧ್ರ ನಿಮ್ಮ ಹೆಸರಿನ ಮೇಲೇ ಬೀಳುತ್ತದೆ.

ಅಂಚಿನ ಕೆಳಗೆ ಒಂದೇ ಸಾಲಿನಲ್ಲಿ ಈ ವಿವರ ಟೈಪ್ ಮಾಡಿ:

```
ತಂಡ: 07 | ತಿಂಗಳು: 07-2025 | ವಿದ್ಯಾರ್ಥಿಗಳು: 12 | ಹಾಳೆ: 1/2
```

ಅದರ ಕೆಳಗೆ ಫೋಟೋ ಸೇರಿಸಿ. ಫೋಟೋದ ಮೇಲೆ ಕ್ಲಿಕ್ ಮಾಡಿ Picture Format ಒಳಗೆ Width ಅನ್ನು 27 ಸೆಂ.ಮೀ. ಎಂದು ಕೊಡಿ. ಎತ್ತರ ತಾನೇ ಹೊಂದಿಕೊಳ್ಳುತ್ತದೆ. ಅದು 15.5 ಸೆಂ.ಮೀ. ದಾಟಿದರೆ Height ಅನ್ನು 15.5 ಮಾಡಿ, ಅಗಲ ಎಷ್ಟಾದರೂ ಆಗಲಿ. ಮೂಲೆ ಬಿಟ್ಟು ಬದಿಯ ಚುಕ್ಕೆಯನ್ನು ಹಿಡಿದು ಎಳೆಯಬೇಡಿ, ಅಕ್ಷರ ಜಗ್ಗಿದಂತೆ ಆಗುತ್ತವೆ. ಒಂದು ಹಾಳೆಗೆ ಒಂದೇ ಫೋಟೋ. ಕೊನೆಗೆ Save As ಒಳಗೆ PDF ಆಯ್ದುಕೊಳ್ಳಿ.

ವಾಟ್ಸ್‌ಆ್ಯಪ್‌ನಲ್ಲಿ ಏನು ಕಳೆದುಹೋಗುತ್ತದೆ

ತಂಡದಲ್ಲಿ ಒಬ್ಬರು ಫೋಟೋ ತೆಗೆದು, ಇನ್ನೊಬ್ಬರು ಹಾಳೆ ಮಾಡುವುದು ಸಾಮಾನ್ಯ. ಆ ನಡುವೆ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹೋದರೆ ಅದು ಕುಗ್ಗುತ್ತದೆ. ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಫೋಟೋ ಸಾಮಾನ್ಯವಾಗಿ 4000 ಪಿಕ್ಸೆಲ್ ಅಗಲ ಇರುತ್ತದೆ. ಅಂಚು ಕತ್ತರಿಸಿದ ಮೇಲೆ 3600 ಉಳಿಯಿತು ಅನ್ನಿ. ಕಾಲು ಭಾಗ ಹೆಸರಿನ ಅಂಕಣಕ್ಕೆ ಹೋದರೆ 31 ದಿನಕ್ಕೆ ಉಳಿಯುವುದು 2700. ಅಂದರೆ ಒಂದು ಮನೆಗೆ ಸುಮಾರು 87 ಪಿಕ್ಸೆಲ್. ಚಿಕ್ಕ ಸಹಿ ಓದಲು ಇಷ್ಟು ಸಾಕು. ಅದೇ ಫೋಟೋವನ್ನು ಸಾಮಾನ್ಯ ರೀತಿಯಲ್ಲಿ ಕಳಿಸಿ ಅಗಲ 1600ಕ್ಕೆ ಇಳಿದರೆ ಒಂದು ಮನೆಗೆ 38 ಅಥವಾ 39 ಮಾತ್ರ. ಹಾಜರಿಯ ಗುರುತು ಇದೆ ಎಂದು ಗೊತ್ತಾಗಬಹುದು, ಯಾರ ಸಹಿ ಎಂದು ಹೇಳಲು ಆಗುವುದಿಲ್ಲ. ಒಮ್ಮೆ ಕುಗ್ಗಿದ ಫೋಟೋವನ್ನು ಆಮೇಲೆ ಹಿಗ್ಗಿಸಿದರೂ ಹೋದದ್ದು ವಾಪಸ್ ಬರುವುದಿಲ್ಲ.

ಆದ್ದರಿಂದ ಫೋಟೋ ಕೊಡುವಾಗ ಗ್ಯಾಲರಿಯಿಂದ ಕಳಿಸುವ ಬದಲು Document ಆಯ್ಕೆಯಲ್ಲಿ ಫೈಲ್ ಆಗಿ ಕಳಿಸಿ. ಸುಲಭದ ಪರೀಕ್ಷೆ ಒಂದಿದೆ: ಸಿದ್ಧವಾದ ಪಿಡಿಎಫ್ ತೆರೆದು ದೊಡ್ಡದು ಮಾಡಿ, ಕೊನೆಯ ಸಾಲಿನ ಸಹಿ ಮತ್ತು 15, 16ರ ಮನೆಗಳನ್ನು ಓದಿ. ಆ ಜಾಗಗಳು ಸ್ಪಷ್ಟ ಇದ್ದರೆ ಉಳಿದದ್ದೂ ಬಹುತೇಕ ಸರಿಯಿರುತ್ತದೆ.

ಫೈಲಿನ ಹೆಸರು

ತಂಡದ ಸಂಖ್ಯೆ, ವರ್ಷ, ತಿಂಗಳು, ಹಾಳೆ. ಈ ಕ್ರಮ ಬದಲಿಸಬೇಡಿ.

```
07_2025-07_1.pdf
07_2025-07_2.pdf
```

7 ಎಂದು ಬರೆಯದೆ 07 ಎಂದೇ ಬರೆಯಿರಿ. ಇಲ್ಲದಿದ್ದರೆ ಕೆಲವು ಕಡೆ 10 ಮೊದಲು ಬಂದು 7 ಆಮೇಲೆ ಬರುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೂ ತಿಂಗಳುಗಳ ಸಾಲು ಕೆಡುತ್ತದೆ.

ಪುಸ್ತಕದಲ್ಲೇ ತಪ್ಪಿದ್ದರೆ

ಫೋಟೋದ ಮೇಲೆ ಏನನ್ನೂ ತಿದ್ದಬೇಡಿ, ಬಿಟ್ಟುಹೋದ ಸಹಿಯನ್ನು ಮೊಬೈಲಿನಲ್ಲಿ ಅಂಟಿಸಬೇಡಿ. ಬಿಳಿ ಇಂಕು ಹಚ್ಚುವುದೂ ಬೇಡ. ತಪ್ಪಾದ ಗುರುತಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ಅಲ್ಲೇ ಮೇಲ್ವಿಚಾರಕರ ಚಿಕ್ಕ ಸಹಿ ಮತ್ತು ತಾರೀಕು ಹಾಕಿಸಿ. ಹಳೆಯ ಗುರುತು ಗೆರೆಯ ಕೆಳಗೆ ಕಾಣುತ್ತಿರಲಿ. ಆಮೇಲೆ ಆ ಪುಟದ ಫೋಟೋ ಹೊಸದಾಗಿ ತೆಗೆದು ಅದೇ ಹೆಸರಿನ ಕೊನೆಗೆ `_r` ಸೇರಿಸಿ ಕಳಿಸಿ. ಹಳೆಯದನ್ನು ತೆಗೆದು ಹೊಸದನ್ನು ಇಡಬೇಕೆಂದು ಅದರಿಂದ ನನಗೆ ಗೊತ್ತಾಗುತ್ತದೆ.

ಹಾಳೆ ತಲುಪಿತೆಂದು ನಾನು ಉತ್ತರ ಕೊಟ್ಟ ಮೇಲೆ ಫೋಟೋಗಳನ್ನು ಫೋನಿನಿಂದ ಅಳಿಸಿ. ಅವುಗಳಲ್ಲಿ ನಿಮ್ಮ ಜೊತೆಯವರ ಹೆಸರು ಮತ್ತು ಸಹಿ ಇವೆ ಅಲ್ವಾ? ಗುಂಪುಗಳಲ್ಲಿ ಅವು ಹರಿದಾಡುವುದು ಬೇಡ. ಮೂಲ ಹಾಜರಿ ಪುಸ್ತಕವನ್ನು ಮಾತ್ರ ಇಂಟರ್ನ್‌ಶಿಪ್ ಮುಗಿಯುವವರೆಗೆ ಜೋಪಾನವಾಗಿಡಿ, ಮೌಲ್ಯಮಾಪನದ ದಿನ ಅದನ್ನು ಕೈಯಲ್ಲಿ ತರಬೇಕು.

ನಿಮ್ಮ ಅಧ್ಯಾಪಕ